ಕಿವಿಗೆ ಒಂದೇ, ಅಕ್ಷರಕ್ಕೆ ಬೇರೆ: ಅಂಗಡಿಗೆ ಹೆಸರಿಡುವ ಮುನ್ನ

ಮುಡುಕುತೊರೆಯ ಬೆಟ್ಟದ ತಪ್ಪಲಲ್ಲಿ ಒಂದು ಮನೆಯವರು ರಾಗಿ ಹುರಿಹಿಟ್ಟಿನ ವ್ಯಾಪಾರಕ್ಕೆ ಇಳಿಯುತ್ತಿದ್ದಾರೆ ಎಂದುಕೊಳ್ಳೋಣ. ಮಲ್ಲಿಕಾರ್ಜುನಸ್ವಾಮಿ ಜಾತ್ರೆಯ ಹೊತ್ತಿಗೆ ಪೊಟ್ಟಣ ಮಾರಬೇಕು, ಆಮೇಲೆ ತಿ. ನರಸೀಪುರ ಮತ್ತು ನಂಜನಗೂಡಿನ ಅಂಗಡಿಗಳಿಗೆ ಹಾಕಬೇಕು, ಸಾಧ್ಯವಾದರೆ ಇನ್‌ಸ್ಟಾಗ್ರಾಮಿನಲ್ಲಿ ಆರ್ಡರ್ ತೆಗೆದುಕೊಳ್ಳಬೇಕು ಎಂಬುದು ಅವರ ಲೆಕ್ಕ. ಪಂಚಾಯಿತಿ ಪರವಾನಗಿ, ಉದ್ಯಮ್ ನೋಂದಣಿ, ಆಹಾರ ಸುರಕ್ಷತೆಯ ನೋಂದಣಿ ಎಲ್ಲವೂ ಒಂದು ಹೆಸರಿನಲ್ಲಿ ಆಗಿದೆ. ಸರ್ಕಾರವೇ ಇಷ್ಟು ಕಾಗದ ಕೊಟ್ಟಮೇಲೆ ಹೆಸರು ನಮ್ಮದಾಯಿತಲ್ಲ ಎಂದು ಅವರು ನಂಬಿದರೆ, ತಪ್ಪುವುದು ಅಲ್ಲೇ. ಈ ಯಾವ ಕಚೇರಿಯೂ ಅದೇ ಹೆಸರಿನಲ್ಲಿ ಬೇರೆಯವರು ಹಿಟ್ಟು ಮಾರುತ್ತಿದ್ದಾರೆಯೇ ಎಂದು ಹುಡುಕಿ ನೋಡುವುದಿಲ್ಲ. ಜಿಎಸ್‌ಟಿ ನೋಂದಣಿಯೂ ಅಷ್ಟೇ. ಹುಡುಕುವ ಕೆಲಸ ಹೆಸರಿಡುವವರದೇ. ಕವರು ಅಚ್ಚಿಗೆ ಕೊಡುವ ಮೊದಲೇ ಅದು ಮುಗಿದಿರಬೇಕು.

ನಮ್ಮ ಸೀಮೆಯಲ್ಲಿ ಮೊದಲು ನಾಲಿಗೆಗೆ ಬರುವುದು ದೇವರ ಹೆಸರು, ಆಮೇಲೆ ಊರಿನ ಹೆಸರು. ‘ಮಲ್ಲಿಕಾರ್ಜುನ ಹುರಿಹಿಟ್ಟು’ ಅಂದರೆ ಗಿರಾಕಿಗೆ ಹತ್ತಿರ, ಭಕ್ತಿಗೂ ಹತ್ತಿರ. ಆದರೆ ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಈ ಮಲ್ಲಿಕಾರ್ಜುನನ ಹೆಸರು ಶ್ರೀಶೈಲದಿಂದ ಹಿಡಿದು ಎಷ್ಟು ಊರುಗಳಲ್ಲಿ ಎಷ್ಟು ಅಂಗಡಿಗಳ ಬೋರ್ಡಿನ ಮೇಲಿದೆ! ಇಂಥ ಹೆಸರಿಟ್ಟುಕೊಂಡು ವ್ಯಾಪಾರ ಮಾಡುವುದಕ್ಕೆ ಅಡ್ಡಿ ಕಡಿಮೆ, ಅದನ್ನು ನಮ್ಮೊಬ್ಬರದೇ ಎಂದು ಉಳಿಸಿಕೊಳ್ಳುವುದು ಮಾತ್ರ ಬಹಳ ಕಷ್ಟ. ‘ಮುಡುಕುತೊರೆ ಹುರಿಹಿಟ್ಟು’ ಎಂದರೆ ಇನ್ನೊಂದು ತೊಡಕು. ಅದರಲ್ಲಿ ಊರಿದೆ, ಪದಾರ್ಥವಿದೆ, ಮಾರುವವರ ಗುರುತಿಲ್ಲ. ಸರಕಿನ ಊರು, ಜಾತಿ, ಗುಣ ಇಷ್ಟನ್ನೇ ಹೇಳುವ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಸಾಮಾನ್ಯವಾಗಿ ನೋಂದಾಯಿಸಲು ಬಿಡುವುದಿಲ್ಲ. ನಾಳೆ ಪಕ್ಕದ ಬೀದಿಯವರೂ ಹುರಿಹಿಟ್ಟು ಮಾಡಿದರೆ, ಅವರದೂ ಮುಡುಕುತೊರೆಯ ಹುರಿಹಿಟ್ಟೇ ತಾನೆ?

‘ನಂಜನಗೂಡು ಹಲ್ಲುಪುಡಿ’ ಊರು ಮತ್ತು ಪದಾರ್ಥದ ಹೆಸರಿನಿಂದಲೇ ಮನೆಮಾತಾಗಲಿಲ್ಲವೇ ಎಂದು ಕೇಳಬಹುದು. ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಿಂದ ಇದೆ. ತಲೆಮಾರುಗಳ ಬಳಕೆಯಿಂದ ಜನ ಆ ಹೆಸರು ಕೇಳಿದರೆ ಒಂದೇ ಮನೆತನದ ಪುಡಿಯನ್ನು ನೆನೆಯುವಂತಾಯಿತು. ಬಹುಕಾಲದ ಬಳಕೆಯಿಂದ ಗುರುತು ಗಳಿಸಿದ ಹೆಸರಿಗೆ ಕಾಯ್ದೆಯಲ್ಲೂ ವಿನಾಯಿತಿಯ ದಾರಿ ಇದೆ. ಈ ವರ್ಷ ಶುರುಮಾಡುವವರಿಗೆ ಆ ದಾರಿ ಇಲ್ಲ. ಇನ್ನು ನಂಜನಗೂಡು ರಸಬಾಳೆಯಂಥ ಹೆಸರಿಗೆ ಭೌಗೋಳಿಕ ಸೂಚಕದ ನೋಂದಣಿಯೇ ಆಗಿದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಮೈಸೂರು ರೇಷ್ಮೆ ಕೂಡ ಅದೇ ಪಟ್ಟಿಯಲ್ಲಿವೆ. ಅವು ಆ ಸೀಮೆಯ ಬೆಳೆಗಾರರಿಗೂ ತಯಾರಕರಿಗೂ ಸೇರಿದ ಹೆಸರುಗಳು, ಒಬ್ಬರ ಅಂಗಡಿಯ ಗುರುತಾಗಿ ಬಳಸಿಕೊಳ್ಳುವಂಥವಲ್ಲ.

ಹಾಗಾಗಿ ನಮ್ಮ ಹುರಿಹಿಟ್ಟಿನ ಮನೆಯವರು ಊರಿನ ನೆನಪು ಉಳಿಯುವಂತೆ, ಆದರೆ ಊರಿನ ಹೆಸರೇ ಆಗದಂತೆ ಒಂದು ಪದ ಕಟ್ಟಿದರು ಎನ್ನೋಣ: ತೊರೆಗಿರಿ. ಹೊಳೆಯ ತೊರೆಯೂ ಊರಿನ ಸೋಮಗಿರಿ ಬೆಟ್ಟದ ಗಿರಿಯೂ ಅದರಲ್ಲಿವೆ. ಹುರಿಹಿಟ್ಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ, ಆದ್ದರಿಂದಲೇ ಅದಕ್ಕೆ ಬಲ ಹೆಚ್ಚು. (ಇದು ಉದಾಹರಣೆಗಾಗಿ ಕಟ್ಟಿದ ಹೆಸರು. ಯಾರಾದರೂ ಇದನ್ನೇ ಇಡುವುದಾದರೆ ಕೆಳಗಿನ ಹುಡುಕಾಟವನ್ನೆಲ್ಲ ಮಾಡಿಯೇ ಇಡಬೇಕು.)

ಹುಡುಕುವ ಮೊದಲು ಹೋಲಿಕೆ ಎಂದರೇನು ಎಂಬುದು ತಿಳಿದಿರಬೇಕು. ಎರಡು ಹೆಸರುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದು ಹೋಲಿಕೆಯ ಪರೀಕ್ಷೆಯಲ್ಲ. 1962ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಿಗಳ ಜಗಳ ಬಂದಿತ್ತು. ಓದುಬಲ್ಲವರ ಕಣ್ಣಿಗೆ ಅವು ಬೇರೆಬೇರೆ. ಕೋರ್ಟು ನೋಡಿದ್ದು ಹಳ್ಳಿ ಮತ್ತು ಪಟ್ಟಣದ ಸಾಮಾನ್ಯ ಗಿರಾಕಿಯನ್ನು. ಆತ ಹಿಂದೆಂದೋ ಕೊಂಡ ಪದಾರ್ಥದ ಹೆಸರನ್ನು ಅರೆಬರೆ ನೆನಪಿನಲ್ಲಿ ಇಟ್ಟುಕೊಂಡು ಅಂಗಡಿಗೆ ಬರುತ್ತಾನೆ, ಬಾಯಲ್ಲಿ ಕೇಳುತ್ತಾನೆ. ಅವನಿಗೆ ಗೊಂದಲವಾಗುವ ಸಂಭವವಿದೆ ಎಂದೇ ಕೋರ್ಟು ತೀರ್ಮಾನಿಸಿತು. ಉಚ್ಚಾರ, ನೋಟ, ಅರ್ಥ ಮೂರನ್ನೂ ತೂಗಿ, ಅದರ ಜೊತೆಗೆ ಎರಡೂ ಒಂದೇ ಬಗೆಯ ಸರಕೇ, ಒಂದೇ ಬಗೆಯ ಗಿರಾಕಿಗೆ ಮಾರುವಂಥವೇ ಎಂದು ನೋಡುವುದು ಕೋರ್ಟುಗಳ ಕ್ರಮ. ನಮ್ಮ ಜಾತ್ರೆಯ ಗಿರಾಕಿಯೂ ಹೀಗೆಯೇ. ‘ಅಣ್ಣ, ಹೋದ ವರ್ಷ ತಗೊಂಡೋಗಿದ್ನಲ್ಲ, ಅದೆಂಥದೋ ಗಿರಿ ಹಿಟ್ಟು, ಅದೇ ಕೊಡಿ’ ಎಂದಾನೇ ಹೊರತು ಕಾಗುಣಿತ ಹೇಳಲಾರ.

ಸರಕಿನ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಕರ್ನಾಟಕದ್ದೇ ಒಂದು ಮೊಕದ್ದಮೆ ಇದೆ. ಹೆಸರಿಡುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ‘ನಂದಿನಿ ಡೀಲಕ್ಸ್’ ಹೋಟೆಲಿನವರು 1989ರಿಂದ ಆ ಹೆಸರಿನಲ್ಲಿ ಊಟ ಬಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಮಂಡಳದ್ದು NANDINI, ಹೋಟೆಲಿನದು NANDHINI, ಒಂದು h ಮಾತ್ರ ಹೆಚ್ಚು. ಹೋಟೆಲಿನವರು ತಮ್ಮ ಹೆಸರನ್ನು ಆಹಾರ ಪದಾರ್ಥಗಳಿಗೆ ನೋಂದಾಯಿಸಲು ಹೋದಾಗ ಮಂಡಳ ಆಕ್ಷೇಪಿಸಿತು. ಟ್ರೇಡ್‌ಮಾರ್ಕ್ ಕಚೇರಿ 2007ರಲ್ಲಿ ಹೋಟೆಲಿನ ಪರ ಹೇಳಿತು, ಮೇಲ್ಮನವಿ ಮಂಡಳಿ 2011ರಲ್ಲಿ ಅದನ್ನು ತಿರುಗಿಸಿತು, ಹೈಕೋರ್ಟು 2014ರಲ್ಲಿ ಹೋಟೆಲಿನ ಅರ್ಜಿಯನ್ನು ವಜಾ ಮಾಡಿತು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಹೆಸರು ನೋಂದಣಿಗೆ ಅರ್ಹ ಎಂದಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಹೋಟೆಲಿನವರೇ ಅದನ್ನು ಬಿಟ್ಟುಕೊಡಲು ಒಪ್ಪಿದ್ದರು.

ಆ ತೀರ್ಪಿನ ಒಳಗುಟ್ಟು h ಅಕ್ಷರದಲ್ಲಿಲ್ಲ. ನಂದಿನಿ ಎಂಬುದು ದೇವಿಯ ಹೆಸರು, ಪುರಾಣದ ಗೋವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ ಎಂದು ಕೋರ್ಟು ಗಮನಿಸಿತು. ಎಲ್ಲರ ಬಾಯಲ್ಲಿರುವ ಪದವನ್ನು ಆರಿಸಿಕೊಂಡವರಿಗೆ ಸಿಗುವ ರಕ್ಷಣೆಯ ಬೇಲಿ ಅಷ್ಟೇ ಕಿರಿದು. ಮಂಡಳದ ಗುರುತಿನಲ್ಲಿ ಹಸು, ಹೋಟೆಲಿನ ಗುರುತಿನಲ್ಲಿ ದೀಪ, ಒಟ್ಟು ನೋಟವೇ ಬೇರೆ. ನೋಂದಣಿಯ ವರ್ಗ ಒಂದೇ ಆದ ಮಾತ್ರಕ್ಕೆ ಸರಕು ಒಂದೇ ಆಗುವುದಿಲ್ಲ ಎಂಬುದೂ ಅಲ್ಲಿ ಬಂತು. ಹುರಿಹಿಟ್ಟಿನ ಮನೆಯವರು ಇದರಿಂದ ತೆಗೆದುಕೊಳ್ಳಬೇಕಾದದ್ದು ಗೆದ್ದವರ ಸಂತೋಷವನ್ನಲ್ಲ. ಮೊದಲ ಆದೇಶದಿಂದ ಕೊನೆಯ ತೀರ್ಪಿಗೆ 11 ವರ್ಷ ಹಿಡಿಯಿತು. ಅಷ್ಟು ಕಾಲ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರಿಗೆ, ಜಗಳವೇ ಹುಟ್ಟದ ಹೆಸರೇ ಒಳ್ಳೆಯ ಹೆಸರು.

ಈಗ ಹುಡುಕಾಟ. ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ತಿ. ನರಸೀಪುರದಲ್ಲೋ ಕೊಳ್ಳೇಗಾಲದಲ್ಲೋ ಇರುವ ನಾಲ್ಕಾರು ನೆಂಟರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಾಟ್ಸ್ಯಾಪಿಗೆ ಕಳಿಸಲು ಹೇಳಿ. ತೊರೆಗಿರಿ ಎಂದರೆ ಒಬ್ಬರು thoregiri ಎನ್ನುತ್ತಾರೆ, ಇನ್ನೊಬ್ಬರು toregiri, ಮತ್ತೊಬ್ಬರು thoragiri, ಕೊನೆಗೆ ee ಹಾಕುವವರೂ ಇರುತ್ತಾರೆ. ಕನ್ನಡದ ತ, ಥ, ಟ ಮೂರಕ್ಕೂ ಇಂಗ್ಲಿಷಿನಲ್ಲಿ t, th ಎರಡೇ ದಾರಿ ಇರುವುದರಿಂದ ಇದು ತಪ್ಪುವುದಿಲ್ಲ. ಬಂದ ಬರಹಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಹುಡುಕಬೇಕಾದದ್ದು ಈ ಎಲ್ಲವನ್ನೂ. ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಬರೆದರೆ, ಆ ಹೆಸರನ್ನು ಆಗಲೇ ಬಿಡುವುದು ಒಳ್ಳೆಯದು. ಬಾಯಲ್ಲಿ ಎಷ್ಟೇ ಚೆಂದವಿದ್ದರೂ ಫೋನಿನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ.

ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣ ipindia.gov.in. ಅಲ್ಲಿ Trade Marks ಭಾಗದಲ್ಲಿ Public Search ಇದೆ, ಹಣ ಕಟ್ಟಬೇಕಿಲ್ಲ. ಹುಡುಕಲು ವರ್ಗದ ಸಂಖ್ಯೆ ಬೇಕು. ಜಗತ್ತಿನ ಎಲ್ಲ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ: ಹಿಟ್ಟು, ತಿಂಡಿ, ಕಾಫಿ ಪುಡಿ 30ರಲ್ಲಿ, ಹಾಲು, ಎಣ್ಣೆ, ಉಪ್ಪಿನಕಾಯಿ 29ರಲ್ಲಿ, ತಾಜಾ ಹಣ್ಣು ಮತ್ತು ಧಾನ್ಯ 31ರಲ್ಲಿ, ಹೋಟೆಲು 43ರಲ್ಲಿ, ಅಂಗಡಿ ವ್ಯಾಪಾರ 35ರಲ್ಲಿ. ನಮ್ಮ ಹುರಿಹಿಟ್ಟು 30. ಮೊದಲು Wordmark ಆರಿಸಿ, Contains ಎಂದಿಟ್ಟು thoregiri ಹಾಕಿ. ಆಮೇಲೆ ಹಾಳೆಯಲ್ಲಿರುವ ಉಳಿದ ಬರಹಗಳನ್ನು ಒಂದೊಂದಾಗಿ ಹಾಕಿ. ಪೂರ್ತಿ ಪದ ಸಿಗದಿದ್ದರೆ ಸಾಲದು, thore ಮತ್ತು tore ಎಂಬ ತುಂಡುಗಳನ್ನೂ ಹಾಕಿ ನೋಡಿ, ಏಕೆಂದರೆ ‘ತೊರೆಸಿರಿ’ ಎಂಬ ಹಿಟ್ಟು ಇದ್ದರೂ ಅದು ಹತ್ತಿರದ್ದೇ. ಆಮೇಲೆ Phonetic ಆರಿಸಿ ಮತ್ತೊಮ್ಮೆ ನೋಡಿ. ಉಚ್ಚಾರ ಹೋಲುವ ಹೆಸರುಗಳನ್ನು ಅದು ತೋರಿಸುತ್ತದೆ, ಆದರೆ ಕನ್ನಡದ ಕಿವಿ ಅದಕ್ಕಿಲ್ಲ, ಅದೊಂದನ್ನೇ ನಂಬಬೇಡಿ. 30 ಮುಗಿದ ಮೇಲೆ 29, 31, 35, 43ರಲ್ಲೂ ಇದೇ ಕೆಲಸ.

ಹತ್ತಿರದ ಹೆಸರೊಂದು ಸಿಕ್ಕಿತು ಎನ್ನೋಣ. ಅದನ್ನು ಒತ್ತಿದರೆ ಸರಕಿನ ವಿವರ, ಯಾವಾಗಿನಿಂದ ಬಳಕೆ, ಈಗಿನ ಸ್ಥಿತಿ ಎಲ್ಲ ಕಾಣುತ್ತದೆ. ಸ್ಥಿತಿ Registered ಎಂದಿದ್ದರೆ ಅದು ಗಟ್ಟಿ. Objected, Opposed ಎಂದಿದ್ದರೆ ಇನ್ನೂ ತೀರ್ಮಾನವಾಗಿಲ್ಲ, ಆದರೂ ನಿಮಗಿಂತ ಮುಂದಿನ ಸಾಲಿನಲ್ಲಿ ನಿಂತಿದೆ. Abandoned, Refused, Removed ಎಂದಿದ್ದರೆ ಕಾಗದದಲ್ಲಿ ಅದು ಮುಗಿದ ಕಥೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅರ್ಜಿ ಬಿದ್ದುಹೋಗಿರಬಹುದು, ಅಂಗಡಿ ನಡೆಯುತ್ತಲೇ ಇರಬಹುದು. ನಮ್ಮ ದೇಶದ ಕಾನೂನಿನಲ್ಲಿ ನೋಂದಣಿ ಇಲ್ಲದಿದ್ದರೂ ಮೊದಲು ಬಳಸಿದವರಿಗೆ ಹಕ್ಕಿದೆ. ನೋಂದಣಿ ಪಡೆದವರೂ ತಮಗಿಂತ ಮುಂಚಿನಿಂದ ಸತತವಾಗಿ ಬಳಸುತ್ತಾ ಬಂದವರನ್ನು 34ನೇ ಕಲಮಿನ ಪ್ರಕಾರ ತಡೆಯಲಾರರು. ಹೀಗಾಗಿ ಕಂಪ್ಯೂಟರ್ ಮುಚ್ಚಿ ಮಾರುಕಟ್ಟೆಗೆ ಹೋಗಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಲಿನ ದಿನಸಿ ಅಂಗಡಿಗಳು, ನಂಜನಗೂಡಿನ ದೇವಸ್ಥಾನದ ಬೀದಿ, ನರಸೀಪುರದ ಸಂತೆ, ಇಲ್ಲೆಲ್ಲ ಹಿಟ್ಟಿನ ಪೊಟ್ಟಣಗಳ ಹೆಸರು ನೋಡಬೇಕು, ವಿತರಕರನ್ನು ಕೇಳಬೇಕು. ಗೂಗಲ್ ನಕ್ಷೆಯಲ್ಲೂ ಅಮೆಜಾನ್, ಫ್ಲಿಪ್‌ಕಾರ್ಟಿನಲ್ಲೂ ಅದೇ ಹಾಳೆ ಹಿಡಿದು ಹುಡುಕಬೇಕು, ಕನ್ನಡ ಅಕ್ಷರದಲ್ಲೂ ಒಮ್ಮೆ.

ಕಂಪನಿ ಮಾಡುವವರಿಗೆ ಮಾತ್ರ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಹೆಸರಿನ ತಪಾಸಣೆ ಇದೆ. ಅಲ್ಲಿ ಪದದ ನಡುವಿನ ಜಾಗ, ಬಹುವಚನ, ಊರಿನ ಹೆಸರಿನ ಬಾಲ, ಕಾಗುಣಿತದ ಸಣ್ಣ ವ್ಯತ್ಯಾಸ ಇವುಗಳಿಂದ ಹೆಸರು ಬೇರೆಯಾಗುವುದಿಲ್ಲ. ಆದರೆ ಅಲ್ಲಿ ಹೆಸರು ಸಿಕ್ಕಿದ್ದು ಟ್ರೇಡ್‌ಮಾರ್ಕ್ ಸಿಕ್ಕಂತಲ್ಲ. ಮನೆಯವರೇ ನಡೆಸುವ ವ್ಯಾಪಾರಕ್ಕೆ ಆ ಬಾಗಿಲೇ ಬೇಡ.

ಇದುವರೆಗೆ ಕೇಳಿದ್ದು ಕಿವಿಯ ಲೆಕ್ಕ. ಆನ್‌ಲೈನ್ ಐಡಿಗಳ ಲೆಕ್ಕ ತದ್ವಿರುದ್ಧ. ಕೋರ್ಟಿಗೆ thoregiri ಮತ್ತು toregiri ಒಂದೇ ಹೆಸರು, ಇನ್‌ಸ್ಟಾಗ್ರಾಮಿಗೆ ಅವು ಎರಡು. ಒಬ್ಬರು ಒಂದನ್ನು ತೆಗೆದುಕೊಂಡರೆ ಇನ್ನೊಬ್ಬರು ಇನ್ನೊಂದನ್ನು ತೆಗೆದುಕೊಳ್ಳುವುದನ್ನು ಯಂತ್ರ ತಡೆಯುವುದಿಲ್ಲ. ಆದ್ದರಿಂದ ಇಂಗ್ಲಿಷ್ ಬರಹ ಯಾವುದು ಎಂಬುದನ್ನು ಮೊದಲು ಒಂದಕ್ಕೆ ನಿಲ್ಲಿಸಬೇಕು. ಊರಿನ ಹೆಸರನ್ನು Mudukuthore ಎಂದು ಬರೆಯುವ ರೂಢಿ ಇರುವುದರಿಂದ ನಾನಾದರೆ thoregiri ಆರಿಸುತ್ತೇನೆ. ಜನ ಆಗಲೇ ಆ ಬರಹಕ್ಕೆ ಒಗ್ಗಿದ್ದಾರೆ. ಎಲ್ಲ ಕಡೆ ಅದೊಂದೇ ಇರಬೇಕು: ಪೊಟ್ಟಣದ ಮೇಲೆ, ಐಡಿಯಲ್ಲಿ, ಜಾಲತಾಣದ ವಿಳಾಸದಲ್ಲಿ, ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ.

ಉದ್ದದ ಮಿತಿ ಆಯಾ ತಾಣಕ್ಕೆ ಬೇರೆ. ಇನ್‌ಸ್ಟಾಗ್ರಾಮಿನಲ್ಲಿ ಮತ್ತು ಯೂಟ್ಯೂಬಿನಲ್ಲಿ 30 ಅಕ್ಷರ, ಎಕ್ಸ್‌ನಲ್ಲಿ 15 ಮಾತ್ರ. ಎಲ್ಲಕ್ಕಿಂತ ಇಕ್ಕಟ್ಟಾದ 15ಕ್ಕೆ ಹೊಂದಿಸಿದರೆ ಎಲ್ಲೆಡೆ ಹೊಂದುತ್ತದೆ. mudukuthorehurihittu ಎಂದರೆ 20 ಆಗಿ ಅಲ್ಲೇ ಬಿದ್ದುಹೋಗುತ್ತಿತ್ತು. thoregiri ಒಂಬತ್ತೇ. ಅದು ಖಾಲಿ ಇಲ್ಲದಿದ್ದರೆ thoregirifoods ಹದಿನಾಲ್ಕು, ಅದೂ ಹಿಡಿಸುತ್ತದೆ. ಹೆಸರು ಖಾಲಿ ಇಲ್ಲವೆಂದು ಚುಕ್ಕೆ, ಅಡಿಗೆರೆ, ಕೊನೆಗೊಂದು 123 ಸೇರಿಸುವುದು ಎಲ್ಲರೂ ಮಾಡುವ ಕೆಲಸ, ಅದನ್ನು ಮಾಡಬೇಡಿ ಎನ್ನುತ್ತೇನೆ. ಫೋನಿನಲ್ಲಿ ಆರ್ಡರ್ ಹೇಳುವ ಅಜ್ಜಿಗೆ ಅಡಿಗೆರೆಯನ್ನು ಹೇಗೆ ಹೇಳಿಕೊಡುತ್ತೀರಿ? ನಿಮ್ಮ ಗಿರಾಕಿ ಚುಕ್ಕೆ ಬಿಟ್ಟು ಹುಡುಕಿದರೆ ಸಿಗುವುದು ಇನ್ನೊಬ್ಬರ ಪುಟ. ಎಲ್ಲ ತಾಣಗಳಲ್ಲೂ ಒಂದೇ ಐಡಿ ಸಿಗುವಂತೆ ಒಂದು ಬಾಲ ಆರಿಸಿಕೊಂಡು, ಖಾಲಿ ಇರುವ ಕಡೆಯೂ ಅದೇ ಬಾಲದ ಐಡಿಯನ್ನೇ ಬಳಸುವುದು ಮೇಲು.

ನೀವು ಬಯಸಿದ ಐಡಿ ಮೊದಲೇ ಯಾರದ್ದೋ ಆಗಿದ್ದರೆ ಆ ಪುಟವನ್ನು ತೆರೆದು ನೋಡಿ. ಯಾರೋ ಹುಡುಗ ತೆರೆದು ಮರೆತ ಖಾಲಿ ಪುಟವಾದರೆ, ಅದನ್ನು ಬಿಡಿಸಿಕೊಡಿ ಎಂದು ಕಂಪನಿಯನ್ನು ಕೇಳಿ ಕಾಯುವುದು ವ್ಯರ್ಥ, ಬಾಲ ಸೇರಿಸಿ ಮುಂದೆ ಹೋಗಿ. ಆದರೆ ಅಲ್ಲಿ ತಿಂಡಿ, ಹಿಟ್ಟು, ಸಾವಯವ ಪದಾರ್ಥದ ವ್ಯಾಪಾರ ನಡೆಯುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಆಗ ಬದಲಿಸಬೇಕಾದದ್ದು ಐಡಿಯನ್ನಲ್ಲ, ಹೆಸರನ್ನೇ. ಜಾಲತಾಣದ ವಿಳಾಸವೂ ಕೇವಲ ವಿಳಾಸವಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಆ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ sify ಎಂಬ ಪದ ಕಟ್ಟಿಕೊಂಡಿತ್ತು, ಇನ್ನೊಬ್ಬರು siffynet ಎಂಬ ವಿಳಾಸ ತೆಗೆದುಕೊಂಡಿದ್ದರು. ಒಂದು f ಹೆಚ್ಚಿದ್ದ ಮಾತ್ರಕ್ಕೆ ಬೇರೆಯಾಗದು, ವ್ಯಾಪಾರದ ಹೆಸರಿಗಿರುವ ರಕ್ಷಣೆ ವಿಳಾಸಕ್ಕೂ ಇದೆ ಎಂದು ತೀರ್ಮಾನವಾಯಿತು. ನಿಮ್ಮ ಪರವಾಗಿಯೂ ನಿಮ್ಮ ವಿರುದ್ಧವಾಗಿಯೂ ಈ ನಿಯಮ ಕೆಲಸ ಮಾಡುತ್ತದೆ.

ಹುಡುಕಾಟ ನಿರಾತಂಕವಾಗಿ ಮುಗಿದ ದಿನವೇ thoregiri.in ಅನ್ನೂ ಐಡಿಗಳನ್ನೂ ತೆಗೆದುಕೊಳ್ಳಿ. ಕೈಯಲ್ಲಿ ಹಣವಿದ್ದರೆ .com ಜೊತೆಗೆ toregiri.in ಕೂಡ, ತಪ್ಪಾಗಿ ಬರೆದವರು ನಿಮ್ಮಲ್ಲಿಗೇ ಬರುವಂತೆ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗದೆ ಎರಡನೇ ವರ್ಷದ ನವೀಕರಣಕ್ಕೆ ಎಷ್ಟು ಎಂದು ಕೇಳಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಇಂಥ ಕೆಲಸ ಮಾಡಿಕೊಡುವುದು ಓದಿದ ಅಣ್ಣನ ಮಗ, ಇಲ್ಲವೇ ವೆಬ್‌ಸೈಟ್ ಮಾಡುವ ಹುಡುಗ. ಅವರು ತಮ್ಮ ಇಮೇಲು, ತಮ್ಮ ಮೊಬೈಲು ಹಾಕಿ ತೆರೆದುಬಿಡುತ್ತಾರೆ. ಅವರು ಬೆಂಗಳೂರಿಗೆ ಹೋಗಿ ನಂಬರು ಬದಲಿಸಿದ ದಿನ ಅಂಗಡಿಯ ಬೀಗದ ಕೈ ಅವರೊಂದಿಗೆ ಹೋದಂತೆ. ವ್ಯಾಪಾರಕ್ಕೇ ಒಂದು ಇಮೇಲ್ ತೆರೆದು, ಮನೆಯ ಯಜಮಾನರ ಮೊಬೈಲಿಗೆ ಓಟಿಪಿ ಬರುವಂತೆ ಮಾಡಿ, ವಿಳಾಸದ ಮಾಲೀಕರ ಜಾಗದಲ್ಲಿ ಅವರ ಹೆಸರೇ ಇದೆಯೇ ಎಂದು ಕಣ್ಣಾರೆ ನೋಡಿ.

ಟ್ರೇಡ್‌ಮಾರ್ಕ್ ಅರ್ಜಿ ಇದಾದ ಮೇಲೆ. ಅರ್ಜಿ ಹಾಕಿದ ಕೂಡಲೇ ಹೆಸರು ಎಲ್ಲರಿಗೂ ಕಾಣುವುದರಿಂದ ಐಡಿಗಳು ಮೊದಲೇ ಕೈಯಲ್ಲಿರಬೇಕು. ಅರ್ಜಿಯ ನಮೂನೆ TM-A. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಒಂದೇ ಅರ್ಜಿಯ ಹಣವಿದ್ದರೆ ಚಿತ್ರವಿಲ್ಲದೆ ಪದವನ್ನಷ್ಟೇ ನೋಂದಾಯಿಸಿ. ಲೇಬಲ್ಲಿನ ಚಿತ್ರ ನಾಳೆ ಬದಲಾಗಬಹುದು, ಪದ ಉಳಿಯುತ್ತದೆ. ವ್ಯಾಪಾರ ಆಗಲೇ ಶುರುವಾಗಿದ್ದರೆ ಮೊದಲ ಬಿಲ್ಲಿನ ದಿನಾಂಕ ಹಾಕಿ, ಪ್ರಮಾಣಪತ್ರದೊಂದಿಗೆ ಆ ಬಿಲ್ಲುಗಳನ್ನೂ ಲೇಬಲ್ ಅಚ್ಚಿನ ರಸೀದಿಯನ್ನೂ ಲಗತ್ತಿಸಿ. ಕಚೇರಿ ಆಕ್ಷೇಪಣೆ ಎತ್ತಿದರೆ ಉತ್ತರಕ್ಕೆ 30 ದಿನ ಇರುತ್ತದೆ. ಇಮೇಲ್ ನೋಡದೆ ಈ ಗಡುವು ಕಳೆದು Abandoned ಆಗಿಹೋದ ಅರ್ಜಿಗಳಿಗೆ ಲೆಕ್ಕವಿಲ್ಲ. ಒಪ್ಪಿದರೆ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಯಾರೂ ವಿರೋಧಿಸದಿದ್ದರೆ ನೋಂದಣಿ, ಹತ್ತು ವರ್ಷಕ್ಕೆ.

ನೋಂದಣಿ ಕೈಗೆ ಬರುವವರೆಗೆ ಪೊಟ್ಟಣದ ಮೇಲೆ ಹೆಸರಿನ ಪಕ್ಕ TM ಎಂದಷ್ಟೇ ಹಾಕಬಹುದು. ವೃತ್ತದೊಳಗಿನ R ಹಾಕುವುದು ಅಪರಾಧ. ಅಂಗಡಿಯ ಬೋರ್ಡಿನ ಮೇಲೆ ಶೇಕಡಾ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಹೀಗಾಗಿ ‘ತೊರೆಗಿರಿ’ ಎಂಬುದು ದೊಡ್ಡದಾಗಿ ಮೇಲೆ, thoregiri ಅದರ ಕೆಳಗೆ. ಅರ್ಜಿಯ ವಿವರ ಬಹಿರಂಗವಾದ ಮೇಲೆ ಸರ್ಕಾರದ ಲಾಂಛನದಂಥದ್ದನ್ನು ಮುದ್ರಿಸಿ, ಶುಲ್ಕ ಬಾಕಿ ಇದೆ, ಕೂಡಲೇ ಈ ಖಾತೆಗೆ ಕಟ್ಟಿ ಎನ್ನುವ ಪತ್ರಗಳೂ ಮೇಲ್‌ಗಳೂ ಬರಲು ಶುರುವಾಗುತ್ತವೆ. ಅವುಗಳಿಗೆ ಹಣ ಕಳಿಸುವ ಮೊದಲು ipindia.gov.in ತೆರೆದು ನಿಮ್ಮ ಅರ್ಜಿ ಸಂಖ್ಯೆ ಹಾಕಿ ನೋಡಿ. ಅಲ್ಲಿ ಕಾಣದ ಬಾಕಿಯನ್ನು ಕಟ್ಟಬೇಕಾಗಿಲ್ಲ.